101ನೇ ಕಲಮನ್ನು ಕತ್ತರಿಸಿ ಹಲಗೆಗೆ ಏರಿಸಿದ ಬಗೆ

ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಂ ತೆರೆದು ನೋಡಿ. (ಎ) ಎಂಬ ಗುರುತು ಅದೊಂದರಲ್ಲೇ ನಾಲ್ಕು ಕಡೆ ಸಿಗುತ್ತದೆ. ಕೊಲೆ ಯಾವುದು ಎಂದು ಹೇಳುವ ಮೊದಲ ಖಂಡ (ಎ). ಅದರ ಕೆಳಗಿನ ಮೊದಲ ದೃಷ್ಟಾಂತವೂ (ಎ). ಒಂದನೇ ಅಪವಾದಕ್ಕೆ "ಆದರೆ" ಎಂದು ಮಿತಿ ಹಾಕುತ್ತಾ ಅಂಟಿದ ಪರಂತುಕದ ಮೊದಲ ಷರತ್ತು ಮತ್ತೆ (ಎ). ಆ ಅಪವಾದದ ದೃಷ್ಟಾಂತಗಳು ಪುನಃ (ಎ)ಯಿಂದ ಶುರು. ಹಳೆಯ ಐಪಿಸಿಯ 300ರಲ್ಲಿ ಖಂಡಗಳಿಗೂ ಪರಂತುಕಕ್ಕೂ ಮೊದಲನೆಯದು, ಎರಡನೆಯದು ಎಂಬ ಮಾತುಗಳಿದ್ದವು. ದೃಷ್ಟಾಂತಗಳಿಗೆ ಮಾತ್ರ ಅಕ್ಷರ. ಹೊಸದರಲ್ಲಿ ಎಲ್ಲಕ್ಕೂ ಅಕ್ಷರವೇ. ಹೀಗಾಗಿ "101ರ (ಎ)" ಅಂತ ನೋಟ್ಸಿನಲ್ಲಿ ಬರೆದುಕೊಂಡ ಹುಡುಗನಿಗೆ ವಾರ ಬಿಟ್ಟು ನೋಡಿದಾಗ ಅದು ಯಾವ (ಎ) ಎಂಬುದೇ ತಿಳಿಯುವುದಿಲ್ಲ.

ಕಲಬುರಗಿಯ ಜಗತ್ ಸರ್ಕಲ್ ಕಡೆಯ ನಮ್ಮ ಕೋಣೆಗೆ ಸಂಜೆ ಓದಲು ಬರುವ ಹುಡುಗ ಹುಡುಗಿಯರು ಬುದ್ಧಿವಂತರು. ಕಲಂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಒಂದು ಪ್ರಸಂಗ ಕೊಟ್ಟು "ಇದು ಕೊಲೆಯೋ ಅಲ್ಲವೋ" ಎಂದರೆ ಮೊದಲ ಅಪವಾದ ಸಿಕ್ಕ ಕೂಡಲೇ ನಿಂತುಬಿಡುತ್ತಾರೆ. ಅಪವಾದದ ಹೊಟ್ಟೆಯಲ್ಲೇ ಮೂರು ಅಡ್ಡಿಗಳಿವೆ ಎಂಬುದು ತಪ್ಪಿಹೋಗುತ್ತದೆ. ಬೀದರಿನಿಂದ ಬಂದ ಒಬ್ಬಳು ಅದನ್ನು ನೇರವಾಗಿಯೇ ಹೇಳಿದಳು: "ಸರ್, ಓದೋ ಮುಂದ ಎಲ್ಲಾ ತಿಳೀತದರಿ. ಯಾವುದು ಯಾವುದಕ್ಕ ಕೂಡತದ ಅನ್ನೋದೇ ತಿಳಿಯಂಗಿಲ್ರಿ." ಕೆಲಸ ಇಲ್ಲಿಂದ ಶುರುವಾಯಿತು. ಕಲಮನ್ನು ಕಾಗದದ ಪಟ್ಟಿಗಳಾಗಿ ಕತ್ತರಿಸಿ, ಯಾವುದು ಯಾವುದಕ್ಕೆ ಜೋತುಬಿದ್ದಿದೆಯೋ ಅಲ್ಲೇ ಪಿನ್ನು ಚುಚ್ಚಿ ನಿಲ್ಲಿಸುವುದು ಎಂದು ನಿರ್ಧರಿಸಿದೆವು.

ಸಾಮಾನು ಮತ್ತು ಪಠ್ಯ

ಬೇಕಾದದ್ದು ಕಡಿಮೆ. ಬಾಗಿಲಷ್ಟು ಅಗಲದ ಥರ್ಮೊಕೋಲ್ ಹಲಗೆ, ಅದರ ಮೇಲೆ ಬಿಳಿ ಡ್ರಾಯಿಂಗ್ ಶೀಟು, ಗುಂಡುಪಿನ್ನು, ಕೆಂಪು ಮತ್ತು ಹಸಿರು ಸ್ಕೆಚ್ ಪೆನ್ನು, ಹೊಲಿಗೆ ದಾರ, ಕತ್ತರಿ. ಅಂಟು ಬೇಡ. ಪಟ್ಟಿಗಳ ಜಾಗ ಬದಲಾಗುತ್ತಲೇ ಇರುತ್ತದೆ, ಅಂಟಿಸಿದರೆ ಕಿತ್ತು ಹರಿಯಬೇಕಾಗುತ್ತದೆ. ಪಟ್ಟಿಗಳನ್ನು ಸುಮ್ಮನೆ ನೆಲದ ಮೇಲೆ ಹರಡೋಣವೆಂದರೆ ನಮ್ಮೂರಿನ ಬೇಸಿಗೆಯಲ್ಲಿ ಫ್ಯಾನು ಆರಿಸಿ ಕೂಡಲಾಗದು, ಕಾಗದ ಕೋಣೆ ತುಂಬ ಹಾರಾಡುತ್ತದೆ. ಹಾಗಾಗಿ ಪಿನ್ನು.

ಪಠ್ಯದ ವಿಷಯದಲ್ಲಿ ಮಾತ್ರ ಬಿಗಿಯಾಗಿರಬೇಕು. ಗೈಡು ಪುಸ್ತಕಗಳು ಪರಂತುಕವನ್ನು ತಮ್ಮ ಮಾತಿನಲ್ಲಿ ಸಂಕ್ಷೇಪಿಸಿರುತ್ತವೆ, ದೃಷ್ಟಾಂತಗಳನ್ನು ಎತ್ತಿ ಬೇರೆ ಪುಟಕ್ಕೆ ಹಾಕಿರುತ್ತವೆ. ನಾವು indiacode.nic.in ತಾಣದಲ್ಲಿರುವ ಇಂಗ್ಲಿಷ್ ಪಠ್ಯವನ್ನೇ ದಪ್ಪ ಅಕ್ಷರದಲ್ಲಿ, ಹಾಳೆಯ ಒಂದೇ ಬದಿಗೆ ಮುದ್ರಿಸಿಕೊಂಡೆವು. ಕಲಂ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮುಂದಿನ ಕಲಮಿನ ಸಂಖ್ಯೆಯೇ ಹೇಳುತ್ತದೆ: 102 ಬರುವವರೆಗೆ ಇರುವುದೆಲ್ಲ 101. ಬಹಳ ಓದುಗರು ನಾಲ್ಕು ಖಂಡ ಮುಗಿದು ದೃಷ್ಟಾಂತ ಬಂತೆಂದರೆ ಕಲಂ ಮುಗಿಯಿತು ಅಂದುಕೊಳ್ಳುತ್ತಾರೆ. ಈ ಕಲಮಿನಲ್ಲಿ ದೃಷ್ಟಾಂತದ ಆಮೇಲೆ ಐದು ಅಪವಾದಗಳು ಬರುತ್ತವೆ.

ಇನ್ನೊಂದು ಎಚ್ಚರ. ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೂ ಮುಂಚೆ ನಡೆದ ಕೃತ್ಯಕ್ಕೆ ಐಪಿಸಿಯೇ ಅನ್ವಯ. ಹಳೆಯ ತೀರ್ಪು ಓದುವಾಗ 300 ಎಂದಿದ್ದರೆ ಅದರ ಹುರುಳು ಈಗ 101ರಲ್ಲಿದೆ. ನಮ್ಮ ಹಲಗೆಯ ಮೂಲೆಯಲ್ಲಿ ಇದನ್ನು ಬರೆದಿಟ್ಟೆವು.

ಕತ್ತರಿ ಎಲ್ಲಿ ಇಡುವುದು

ಮೊದಲ ಸಾಲನ್ನೇ ಎರಡು ಮಾಡಿದೆವು. ಕಲಂ ಶುರುವಾಗುವುದೇ "ಇಲ್ಲಿ ಮುಂದೆ ಹೊರತುಪಡಿಸಿದ ಪ್ರಸಂಗಗಳ ವಿನಾ" ಎಂಬ ಅರ್ಥದ ಮಾತಿನಿಂದ. ಆಮೇಲೆ "ದಂಡನೀಯ ನರಹತ್ಯೆಯು ಕೊಲೆ" ಎಂದು, ನಾಲ್ಕು ಖಂಡಗಳು. ಆ ಆರಂಭದ ತುಂಡನ್ನು ಬೇರೆ ಮಾಡಿ ಕೆಂಪಿನಲ್ಲಿ ಸುತ್ತುಹಾಕಿ ಹಲಗೆಯ ನೆತ್ತಿಗೆ ಚುಚ್ಚಿದೆವು. ಕೆಳಗೆ ಅಪವಾದಗಳಿವೆ, ಅವನ್ನು ನೋಡದೆ ತೀರ್ಮಾನ ಹೇಳಬೇಡ ಎಂದು ಕಾನೂನೇ ಮೊದಲ ಮಾತಿನಲ್ಲಿ ಹೇಳಿಟ್ಟಿದೆ. ಓದುವ ಕಣ್ಣು "ಕೊಲೆ" ಎಂಬ ಪದದ ಕಡೆ ಓಡುವುದರಿಂದ ಈ ಮಾತು ಹಿಂದೆ ಉಳಿಯುತ್ತದೆ.

ಒಂದನೇ ಅಪವಾದವನ್ನು ನಾವು ಸೂಕ್ಷ್ಮವಾಗಿ ಕತ್ತರಿಸಿದೆವು. ಅದರ ಸಾರ ಹೀಗಿದೆ: ಗಂಭೀರ ಹಾಗೂ ಹಠಾತ್ ಪ್ರಚೋದನೆಯಿಂದ ಆತ್ಮಸಂಯಮ ಕಳೆದುಕೊಂಡ ಸ್ಥಿತಿಯಲ್ಲಿ ಅಪರಾಧಿಯು ಪ್ರಚೋದಿಸಿದವನ ಸಾವಿಗೆ ಕಾರಣನಾದರೆ, ಇಲ್ಲವೇ ತಪ್ಪುಗ್ರಹಿಕೆಯಿಂದ ಅಥವಾ ಆಕಸ್ಮಿಕವಾಗಿ ಬೇರೆಯವನ ಸಾವಿಗೆ ಕಾರಣನಾದರೆ, ಅದು ಕೊಲೆಯಲ್ಲ. ಇದರಲ್ಲಿ "ಗಂಭೀರ" ಒಂದು ಪಟ್ಟಿ, "ಹಠಾತ್" ಇನ್ನೊಂದು, "ಸಂಯಮ ಕಳೆದುಕೊಂಡ ಸ್ಥಿತಿಯಲ್ಲೇ" ಮತ್ತೊಂದು, ಸತ್ತವನು ಯಾರು ಎಂಬುದು ನಾಲ್ಕನೆಯದು. ಗಂಭೀರ ಮತ್ತು ಹಠಾತ್ ಎರಡನ್ನೂ ಒಂದೇ ಪಟ್ಟಿಯಲ್ಲಿ ಬಿಟ್ಟರೆ ಹುಡುಗರು ಒಂದನ್ನೇ ಪರೀಕ್ಷಿಸಿ ಮುಂದೆ ಹೋಗುತ್ತಾರೆ. ನಡುವೆ ಇರುವುದು "ಮತ್ತು", ಎರಡೂ ಬೇಕು.

ಮುಂದೆ ಅರ್ಧವಿರಾಮ, ಪೂರ್ಣವಿರಾಮಕ್ಕಿಂತ ಪರಂತುಕ, ವಿವರಣೆ, ದೃಷ್ಟಾಂತ ಎಂಬ ಮಾತು ಬಂದಲ್ಲೆಲ್ಲ ಕತ್ತರಿ. ಪರಂತುಕದ ಮೂರು ಷರತ್ತು ಮೂರು ಪಟ್ಟಿ. (ಬಿ) ಷರತ್ತನ್ನು ಮತ್ತೆ ಎರಡು ಮಾಡಬೇಕಾಯಿತು, ಯಾಕೆಂದರೆ ಅದರಲ್ಲಿ "ಅಥವಾ" ಇದೆ: ಕಾನೂನಿಗೆ ವಿಧೇಯನಾಗಿ ಮಾಡಿದ ಕೃತ್ಯ ಒಂದು, ಸಾರ್ವಜನಿಕ ನೌಕರನು ತನ್ನ ಅಧಿಕಾರವನ್ನು ಕಾನೂನುಬದ್ಧವಾಗಿ ಚಲಾಯಿಸಿ ಮಾಡಿದ್ದು ಇನ್ನೊಂದು. ಕಾನೂನಿಗೆ ವಿಧೇಯನಾದವನು ನೌಕರನೇ ಆಗಿರಬೇಕೆಂದಿಲ್ಲ.

ಪ್ರತಿ ಪಟ್ಟಿಯ ಬೆನ್ನಿಗೆ ನಮ್ಮದೇ ಹೆಸರು ಬರೆದೆವು. "ಖಂಡ ಎ", "ಅಪವಾದ 1", "ಅಪವಾದ 1, ಪರಂತುಕ ಎ", "ಅಪವಾದ 1, ದೃಷ್ಟಾಂತ ಎ". ಎರಡನೇ ಮತ್ತು ಐದನೇ ಅಪವಾದದ ದೃಷ್ಟಾಂತಗಳಿಗೆ ಅಕ್ಷರವೇ ಇಲ್ಲ, ಒಂದೊಂದೇ ಇರುವುದರಿಂದ. ಪೂರ್ಣ ಹೆಸರು ಬರೆಯುವ ಈ ರೂಢಿಯಿಂದಲೇ ಅರ್ಧ ಗೊಂದಲ ಕಳೆಯಿತು.

ಜೋತು ಹಾಕುವುದು

ಹಲಗೆಯ ಮೇಲೆ ಎಡಗಡೆಯಿಂದ ನಾಲ್ಕು ನಿಲುವುಗೆರೆ ಎಳೆದೆವು. ಮೊದಲ ಗೆರೆಗೆ ಕಲಮಿನ ಮೂಲಭಾಗ, ಎರಡನೆಯದಕ್ಕೆ ಅಪವಾದ, ಮೂರನೆಯದಕ್ಕೆ ಆ ಅಪವಾದದ ಪರಂತುಕ ಮತ್ತು ವಿವರಣೆ, ನಾಲ್ಕನೆಯದಕ್ಕೆ ದೃಷ್ಟಾಂತ. ಬೇರ್ ಆಕ್ಟಿನ ಮುದ್ರಣದಲ್ಲಿ ಇವೆಲ್ಲ ಹೆಚ್ಚುಕಮ್ಮಿ ಒಂದೇ ಅಂಚಿಗೆ ಬರುತ್ತವೆ, ಆದ್ದರಿಂದ ಯಾವುದು ಯಾವುದರ ಕೆಳಗೆ ಎಂಬುದು ಕಣ್ಣಿಗೆ ಕಾಣದು.

ಪರಂತುಕ ಇಡೀ ಕಲಮಿಗೋ ಅಪವಾದಕ್ಕೋ ಎಂದು ಹೇಗೆ ತಿಳಿಯುವುದು? ನಾವು ಪ್ರತಿ ಪಟ್ಟಿಯನ್ನೂ ಮೇಲಿನ ಒಂದೊಂದೇ ಪಟ್ಟಿಗೆ ಸೇರಿಸಿ ಗಟ್ಟಿಯಾಗಿ ಓದಿದೆವು. "ಆದರೆ ಆ ಪ್ರಚೋದನೆಯು ಇಂಥದ್ದಾಗಿರಬಾರದು" ಎಂದು ಪರಂತುಕ ಹೇಳುತ್ತದೆ. ಮೂಲಭಾಗದಲ್ಲಿ ಪ್ರಚೋದನೆಯ ಸುದ್ದಿಯೇ ಇಲ್ಲ. ಎರಡು, ಮೂರು, ಐದನೇ ಅಪವಾದದಲ್ಲಿಯೂ ಇಲ್ಲ. "ಆ" ಎಂದು ಬೆರಳು ತೋರಿಸುವ ವಸ್ತು ಇರುವುದು ಒಂದನೇ ಅಪವಾದದಲ್ಲಿ ಮಾತ್ರ. ಹಾಗಾಗಿ ಪರಂತುಕ ಅಲ್ಲಿಗೇ. ವಿವರಣೆಯನ್ನೂ ಹೀಗೇ ಕೂಡಿಸಿ ನೋಡಿದೆವು. ಪ್ರಚೋದನೆ ಸಾಕಷ್ಟು ಗಂಭೀರವೂ ಹಠಾತ್ತೂ ಆಗಿತ್ತೇ ಎಂಬುದು ವಾಸ್ತವಾಂಶದ ಪ್ರಶ್ನೆ ಎಂದು ಅದು ಹೇಳುತ್ತದೆ. ಅದು ಹೊಸ ಷರತ್ತು ಸೇರಿಸುವುದಿಲ್ಲ, ಹೊಸ ವಿನಾಯಿತಿ ಕೊಡುವುದಿಲ್ಲ. "ಗಂಭೀರ" ಮತ್ತು "ಹಠಾತ್" ಎಂಬ ಎರಡು ಪಟ್ಟಿಗಳನ್ನು ಯಾರು, ಯಾವುದರಿಂದ ನಿರ್ಣಯಿಸಬೇಕು ಎನ್ನುತ್ತದೆ: ನ್ಯಾಯಾಲಯ, ಆ ಪ್ರಕರಣದ ಸಾಕ್ಷ್ಯದಿಂದ. ಇಂಥ ಬೈಗುಳಕ್ಕೆ ಸಿಗುತ್ತದೆ, ಇಂಥದ್ದಕ್ಕೆ ಸಿಗದು ಎಂಬ ಪಟ್ಟಿ ಕಾನೂನಿನಲ್ಲಿಲ್ಲ.

ಇಲ್ಲಿ ಒಂದು ಪಟ್ಟಿ ಎಲ್ಲರ ಕೈಯಲ್ಲೂ ದಾರಿ ತಪ್ಪಿತು. ನಾಲ್ಕನೇ ಅಪವಾದದ ಕೆಳಗೆ ಒಂದು ವಿವರಣೆಯಿದೆ: ಪ್ರಚೋದನೆ ಯಾವ ಪಕ್ಷದಿಂದ ಬಂತು, ಮೊದಲ ಏಟು ಯಾರು ಹಾಕಿದರು ಎಂಬುದು ಮುಖ್ಯವಲ್ಲ ಎಂದು. "ಪ್ರಚೋದನೆ" ಎಂಬ ಪದ ಕಂಡ ಹುಡುಗನೊಬ್ಬ ಅದನ್ನು ಒಂದನೇ ಅಪವಾದದ ಕೆಳಗೆ ಚುಚ್ಚಿದ. ಪರಿಣಾಮ ದೊಡ್ಡದು. ಒಂದನೇ ಅಪವಾದದಲ್ಲಿ ಪ್ರಚೋದನೆ ಎಲ್ಲಿಂದ ಬಂತು ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಅಪರಾಧಿಯೇ ನೆಪಕ್ಕಾಗಿ ಬರಮಾಡಿಕೊಂಡ ಪ್ರಚೋದನೆಯಾದರೆ ಪರಂತುಕ (ಎ) ಬಾಗಿಲು ಮುಚ್ಚುತ್ತದೆ. ನಾಲ್ಕನೇ ಅಪವಾದ ಹಠಾತ್ ಜಗಳದ್ದು. ಪೂರ್ವಯೋಜನೆ ಇರಬಾರದು, ದಿಢೀರ್ ಜಗಳದ ಆವೇಶದಲ್ಲಿ ನಡೆದ ಹೊಡೆದಾಟವಾಗಿರಬೇಕು, ಅಪರಾಧಿ ಅನುಚಿತ ಲಾಭ ಪಡೆದಿರಬಾರದು, ಕ್ರೂರವಾಗಿ ಅಥವಾ ಅಸಾಮಾನ್ಯ ರೀತಿಯಲ್ಲಿ ನಡೆದಿರಬಾರದು. ಆ ಚೌಕಟ್ಟಿನೊಳಗೆ ಮಾತ್ರ ಮೊದಲು ಯಾರು ಎಂಬುದು ಅಪ್ರಸ್ತುತ. ವಿವರಣೆಯಲ್ಲೇ "ಇಂಥ ಪ್ರಸಂಗಗಳಲ್ಲಿ" ಎಂಬ ಮಾತಿದೆ, ಅದಕ್ಕೆ ಕೆಂಪು ಗೆರೆ ಎಳೆದು ಪಟ್ಟಿಯನ್ನು ಅದರ ಜಾಗಕ್ಕೆ ಮರಳಿಸಿದೆವು. ಒಂದು ವಿವರಣೆ ಒಂದು ಅಪವಾದದಿಂದ ಇನ್ನೊಂದಕ್ಕೆ ಜಾರಿದರೆ ಉತ್ತರ ಪೂರ್ತಿ ತಿರುಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ.

ಪಟ್ಟಿಗಳನ್ನು ಪ್ರಶ್ನೆ ಮಾಡುವುದು

ಅಪವಾದದ ಮಾತಿನಲ್ಲಿ ಎರಡು "ಅಲ್ಲ" ಇವೆ. ಇಂಥದ್ದಾದರೆ ಕೊಲೆ ಅಲ್ಲ; ಆದರೆ ಪ್ರಚೋದನೆ ಇಂಥದ್ದು ಆಗಿರಬಾರದು. ತಲೆಯಲ್ಲಿ ಇಟ್ಟುಕೊಂಡು ಉತ್ತರಿಸುವಾಗ ಇವು ಉಲ್ಟಾ ಆಗುತ್ತವೆ. ಅದಕ್ಕೆ ಪ್ರತಿ ಪಟ್ಟಿಯ ಪಕ್ಕ ಹೌದು, ಇಲ್ಲ ಎಂದು ಉತ್ತರಿಸಬಹುದಾದ ಕನ್ನಡದ ಪ್ರಶ್ನೆ ಬರೆದೆವು. ಅಪವಾದದ ನಾಲ್ಕು ಪಟ್ಟಿಗೆ ಹಸಿರು ಶಾಯಿ: ಪ್ರಚೋದನೆ ಗಂಭೀರವೇ? ಹಠಾತ್ತೇ? ಸಂಯಮ ಕಳೆದ ಸ್ಥಿತಿಯಲ್ಲೇ ಕೃತ್ಯ ನಡೆಯಿತೇ? ಸತ್ತವನು ಪ್ರಚೋದಿಸಿದವನೇ, ಅಥವಾ ತಪ್ಪುಗ್ರಹಿಕೆಯಿಂದಲೋ ಆಕಸ್ಮಿಕವಾಗಿಯೋ ಸತ್ತ ಬೇರೆಯವನೇ? ನಾಲ್ಕಕ್ಕೂ "ಹೌದು" ಬೇಕು, ಒಂದು "ಇಲ್ಲ" ಬಂದರೂ ಒಂದನೇ ಅಪವಾದ ಮುಗಿಯಿತು.

ಪರಂತುಕದ ಪಟ್ಟಿಗಳಿಗೆ ಕೆಂಪು ಶಾಯಿ: ಅವನೇ ನೆಪಕ್ಕಾಗಿ ಕೆಣಕಿ ತಂದುಕೊಂಡನೇ? ಕಾನೂನಿಗೆ ವಿಧೇಯವಾದ ಕೃತ್ಯದಿಂದ ಬಂತೇ? ಸಾರ್ವಜನಿಕ ನೌಕರನ ಕಾನೂನುಬದ್ಧ ಅಧಿಕಾರ ಚಲಾವಣೆಯಿಂದ ಬಂತೇ? ಸ್ವರಕ್ಷಣೆ ಹಕ್ಕಿನ ಕಾನೂನುಬದ್ಧ ಬಳಕೆಯಿಂದ ಬಂತೇ? ಇವುಗಳಲ್ಲಿ ಒಂದಕ್ಕೆ "ಹೌದು" ಬಂದರೆ ಸಾಕು, ಹಸಿರಿನಲ್ಲಿ ಗಳಿಸಿದ್ದೆಲ್ಲ ಹೋಯಿತು. ಹಸಿರಿಗೆ ಎಲ್ಲವೂ ಬೇಕು, ಕೆಂಪಿಗೆ ಒಂದೇ ಸಾಕು ಎಂಬುದನ್ನು ಪಟ್ಟಿಗಳ ತಲೆಯ ಮೇಲೆ ದೊಡ್ಡದಾಗಿ ಬರೆದೆವು.

ಒಂದನೇ ಅಪವಾದ ಬಿದ್ದುಹೋದರೆ ಓದು ಮುಗಿಯಲಿಲ್ಲ. ಉಳಿದ ನಾಲ್ಕೂ ಅಪವಾದಗಳು ಸ್ವತಂತ್ರ. ಪ್ರತಿಯೊಂದರ ಬಾಗಿಲನ್ನೂ ತಟ್ಟಬೇಕು. ಇನ್ನು ಅಪವಾದ ಗೆದ್ದರೆ ಆರೋಪಿ ಬಿಡುಗಡೆ ಎಂದು ಅರ್ಥವಲ್ಲ. ಕೊಲೆಯಲ್ಲದ ದಂಡನೀಯ ನರಹತ್ಯೆಯಾಗಿ ಅದು 105ನೇ ಕಲಮಿನ ಶಿಕ್ಷೆಗೆ ಇಳಿಯುತ್ತದೆ. ಸಾಯಿಸುವ ಉದ್ದೇಶವಿದ್ದರೆ ಜೀವಾವಧಿ, ಇಲ್ಲವೇ 5 ವರ್ಷಕ್ಕೆ ಕಡಿಮೆಯಿಲ್ಲದೆ 10 ವರ್ಷದವರೆಗಿನ ಸೆರೆವಾಸ, ಜೊತೆಗೆ ದಂಡ. ಬಾಣದ ಗುರುತು ಹಾಕಿ "105" ಎಂದು ಬರೆಯುವವರೆಗೆ ಇಬ್ಬರು ಅಲ್ಲಿ "ನಿರಪರಾಧಿ" ಎಂದೇ ಓದುತ್ತಿದ್ದರು.

ದೃಷ್ಟಾಂತಗಳಿಗೆ ದಾರ ಕಟ್ಟಿದ್ದು

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟ ಘಟ್ಟ ಇದು. ಒಂದನೇ ಅಪವಾದಕ್ಕೆ (ಎ)ಯಿಂದ (ಎಫ್)ವರೆಗೆ ಆರು ದೃಷ್ಟಾಂತಗಳಿವೆ. ಪ್ರತಿ ದೃಷ್ಟಾಂತದಿಂದ ಅದು ಯಾವ ಪ್ರಶ್ನೆಯನ್ನು ಪರೀಕ್ಷಿಸುತ್ತದೋ ಆ ಪಟ್ಟಿಗೆ ದಾರ ಎಳೆಯಬೇಕು. ಆರರಲ್ಲಿ ಮೂರು ದೃಷ್ಟಾಂತಗಳು "ಯಾಕೆಂದರೆ" ಎಂದು ಕಾರಣ ಹೇಳುತ್ತವೆ. ಆ ಕಾರಣದಲ್ಲಿ ಬರುವ ಪದ ಯಾವ ಪಟ್ಟಿಯಲ್ಲಿದೆಯೋ ದಾರ ಅಲ್ಲಿಗೆ.

(ಎ)ಯಲ್ಲಿ ಒಬ್ಬ ಕೆಣಕುತ್ತಾನೆ, ಸಿಟ್ಟಿಗೆದ್ದವನು ಬೇಕೆಂದೇ ಅವನ ಮಗುವನ್ನು ಕೊಲ್ಲುತ್ತಾನೆ. ಕೊಲೆಯೇ, ಯಾಕೆಂದರೆ ಪ್ರಚೋದಿಸಿದ್ದು ಮಗುವಲ್ಲ. ದಾರ "ಸತ್ತವನು ಯಾರು" ಎಂಬ ಹಸಿರು ಪಟ್ಟಿಗೆ. (ಬಿ)ಯಲ್ಲಿ ಕೆಣಕಿದವನತ್ತ ಗುಂಡು ಹಾರಿಸಿದಾಗ ಕಣ್ಣಿಗೆ ಕಾಣದಂತೆ ಹತ್ತಿರದಲ್ಲಿದ್ದ ಬೇರೊಬ್ಬ ಸಾಯುತ್ತಾನೆ. ಕೊಲೆಯಲ್ಲ, ಅದೇ ಪಟ್ಟಿಯ ಉತ್ತರಾರ್ಧಕ್ಕೆ ದಾರ. (ಸಿ)ಯಲ್ಲಿ ಕಾನೂನುಬದ್ಧವಾಗಿ ಬಂಧಿಸಿದ ಬೇಲಿಫನನ್ನು ಕೊಲ್ಲುವುದು. ಸಾರ್ವಜನಿಕ ನೌಕರ ಎಂಬ ಕೆಂಪು ಪಟ್ಟಿಗೆ. (ಇ)ಯಲ್ಲಿ ಮೂಗು ಹಿಡಿದೆಳೆಯಲು ಹೋದವನನ್ನು ಎದುರಿನವನು ತಡೆಹಿಡಿಯುತ್ತಾನೆ, ಅದಕ್ಕೆ ಸಿಟ್ಟಾಗಿ ಕೊಲ್ಲುತ್ತಾನೆ. ಸ್ವರಕ್ಷಣೆಯ ಕೆಂಪು ಪಟ್ಟಿಗೆ.

(ಡಿ)ಯಲ್ಲಿ ಕೈ ತಡೆಯಿತು. ಸಾಕ್ಷಿ ಹೇಳಲು ಬಂದವನಿಗೆ ಮ್ಯಾಜಿಸ್ಟ್ರೇಟರು, ನಿನ್ನ ಮಾತು ಒಂದನ್ನೂ ನಂಬುವುದಿಲ್ಲ, ಸುಳ್ಳು ಸಾಕ್ಷಿ ಹೇಳಿದ್ದೀ ಎನ್ನುತ್ತಾರೆ, ಅವನು ಕೊಲ್ಲುತ್ತಾನೆ. "ಇದು ಕೊಲೆ" ಎಂದಷ್ಟೇ ಇದೆ, ಕಾರಣವಿಲ್ಲ. ಆ ಮಾತು ಅಷ್ಟು ಗಂಭೀರವಲ್ಲ ಎಂದು ಒಬ್ಬ ಹಸಿರು ಪಟ್ಟಿಗೆ ದಾರ ಎಳೆಯಲು ಹೊರಟ. ಆದರೆ ಗಂಭೀರವೇ ಎಂಬುದು ವಾಸ್ತವಾಂಶದ ಪ್ರಶ್ನೆ ಎಂದು ವಿವರಣೆ ಹೇಳಿಬಿಟ್ಟಿದೆ. ಸಾಕ್ಷ್ಯ ನೋಡದೆ ದೃಷ್ಟಾಂತ ಅದನ್ನು ತೀರ್ಮಾನಿಸುವುದು ಕೂಡುವುದಿಲ್ಲ. ಸಾಕ್ಷ್ಯವನ್ನು ತೂಗಿ ನಂಬುವುದು, ಬಿಡುವುದು ಮ್ಯಾಜಿಸ್ಟ್ರೇಟರ ಕಾನೂನುಬದ್ಧ ಕೆಲಸ. (ಸಿ)ಯ ಪಕ್ಕದಲ್ಲೇ ಕುಳಿತಿರುವುದೂ ಸುಳಿವು ಕೊಡುತ್ತದೆ. ದಾರ ನೌಕರನ ಪಟ್ಟಿಗೇ ಹೋಯಿತು.

(ಎಫ್) ಬೇರೆ ಜಾತಿಯದು. ಒಬ್ಬ ಇನ್ನೊಬ್ಬನಿಗೆ ಹೊಡೆಯುತ್ತಾನೆ, ಪೆಟ್ಟು ತಿಂದವನು ಕೆರಳುತ್ತಾನೆ. ಆ ಸಿಟ್ಟಿನ ಲಾಭ ಪಡೆದು ಕೊಲ್ಲಿಸಬೇಕೆಂದು ಪಕ್ಕದಲ್ಲಿ ನಿಂತವನು ಚಾಕು ಕೈಗಿಡುತ್ತಾನೆ. ಇರಿದವನದು ಬರೀ ದಂಡನೀಯ ನರಹತ್ಯೆ ಆಗಿರಬಹುದು, ಚಾಕು ಕೊಟ್ಟವನದು ಕೊಲೆ. ಸಂಯಮ ಕಳೆದುಕೊಂಡದ್ದು ಯಾರು ಎಂಬ ಪಟ್ಟಿಗೆ ಈ ದಾರ. ಒಬ್ಬನಿಗೆ ಸಿಕ್ಕ ಅಪವಾದ ಜೊತೆಯವನಿಗೆ ತಾನಾಗಿ ಹೋಗುವುದಿಲ್ಲ.

ದಾರವೆಲ್ಲ ಕಟ್ಟಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿದಾಗ ಕೆಲವು ಪಟ್ಟಿಗಳಿಗೆ ದಾರವೇ ಇರಲಿಲ್ಲ. ಪರಂತುಕ (ಎ), ಅಂದರೆ ತಾನೇ ನೆಪಕ್ಕಾಗಿ ತಂದುಕೊಂಡ ಪ್ರಚೋದನೆ, ಅದಕ್ಕೆ ಒಂದೂ ದೃಷ್ಟಾಂತವಿಲ್ಲ. ಪರಂತುಕ (ಬಿ)ಯ ಮೊದಲರ್ಧಕ್ಕೂ ನೇರವಾದ ದೃಷ್ಟಾಂತವಿಲ್ಲ. "ಹಠಾತ್" ಪಟ್ಟಿಯೂ ಬೋಳು. ಹುಡುಗರ ಹಳೆಯ ಉತ್ತರಪತ್ರಿಕೆಗಳನ್ನು ತೆಗೆದು ನೋಡಿದರೆ ಹೆಚ್ಚಾಗಿ ತಪ್ಪಿಹೋಗಿದ್ದವು ಇವೇ. ದೃಷ್ಟಾಂತದ ಕಥೆ ನೆನಪಿಡುವುದು ಸುಲಭ, ಆದ್ದರಿಂದ ಕಥೆಯಿಲ್ಲದ ಷರತ್ತು ನೆನಪಿನಿಂದ ಜಾರುತ್ತದೆ. ದಾರವಿಲ್ಲದ ಪಟ್ಟಿಗಳಿಗೆ ನಾವು ಹಳದಿ ಚೀಟಿ ಚುಚ್ಚಿ, ನಮ್ಮದೇ ಪ್ರಸಂಗ ಕಟ್ಟಲು ಕೂತೆವು.

ಗಂಜಿನ ಪ್ರಸಂಗ

ಪೂರಾ ಕಲ್ಪನೆಯದು. ತೊಗರಿ ಮಾರಲು ಗಂಜ್ ಮಾರುಕಟ್ಟೆಗೆ ಬಂದ ರೈತನೊಬ್ಬ, ಅವನ ನೆರೆಹೊಲದವನೊಬ್ಬ. ಬದುವಿನ ತಂಟೆ ಹಳೆಯದು. ಅಡತಿ ಅಂಗಡಿಯ ಮುಂದೆ ನೆರೆಹೊಲದವನು ಎಲ್ಲರೆದುರು ರೈತನ ಮುದಿ ತಂದೆಗೆ ಚಪ್ಪಲಿಯಲ್ಲಿ ಹೊಡೆಯುತ್ತಾನೆ. ರೈತ ಪಕ್ಕದಲ್ಲಿದ್ದ ಕಬ್ಬಿಣದ ಸಲಾಕೆ ಎತ್ತಿ ಅಲ್ಲೇ ತಲೆಗೆ ಬೀಸುತ್ತಾನೆ, ನೆರೆಹೊಲದವನು ಸಾಯುತ್ತಾನೆ. ಹಸಿರು ಪಟ್ಟಿಗಳೆಲ್ಲ "ಹೌದು" ಕಡೆ ವಾಲುತ್ತವೆ, ಕೆಂಪು ಯಾವುದೂ ಹೊತ್ತುವುದಿಲ್ಲ. ಗಂಭೀರತೆ ಸಾಕ್ಷ್ಯಕ್ಕೆ ಬಿಟ್ಟದ್ದು; ಆದರೂ ಒಂದನೇ ಅಪವಾದದ ವಾದಕ್ಕೆ ನೆಲೆಯಿದೆ.

ಈಗ ಒಂದೊಂದೇ ಸಂಗತಿ ಬದಲಿಸಿದೆವು. ರೈತ ಆಗ ಸುಮ್ಮನಿದ್ದು, ತಂದೆಯನ್ನು ಬಸ್ಸು ಹತ್ತಿಸಿ, ಊರಿಗೆ ಹೋಗಿ, ಸಂಜೆ ಕೊಡಲಿ ತಂದು ಹೊಡೆದರೆ? ಪ್ರಚೋದನೆ ಅಷ್ಟೇ ಗಂಭೀರ, ಆದರೆ ಸಂಯಮ ಕಳೆದ ಸ್ಥಿತಿಯಲ್ಲೇ ಕೃತ್ಯ ನಡೆಯಿತು ಎನ್ನಲಾಗದು. ಆ ಪಟ್ಟಿಗೆ ಇಲ್ಲಿ, ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣದ ತೀರ್ಪನ್ನು ದಾರವಾಗಿ ಕಟ್ಟಿದೆವು. 1961ರಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಹೇಳಿದ್ದು: ಮನೆಯಿಂದ ಹೊರಟ ಮಧ್ಯಾಹ್ನ 1.30ರಿಂದ ಗುಂಡು ಹಾರಿದ 4.20ರವರೆಗೆ ಸುಮಾರು ಮೂರು ಗಂಟೆ ಕಳೆದಿತ್ತು, ಸಂಯಮ ಮರಳಿ ಪಡೆಯಲು ಅದು ಸಾಕಷ್ಟು ಹೊತ್ತು. ಆ ನಡುವೆ ಅವನು ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ಪಡೆದಿದ್ದ. ಹೊತ್ತಿನ ಜೊತೆಗೆ ಆ ಹೊತ್ತಿನಲ್ಲಿ ಮಾಡಿದ ಯೋಚಿಸಿದ ಕೆಲಸಗಳನ್ನೂ ನೋಡಬೇಕು ಎಂಬುದು ಇದರಿಂದ ಹುಡುಗರಿಗೆ ಸಿಕ್ಕಿತು.

ಇನ್ನೊಂದು ಬದಲಾವಣೆ. ಹಿಂದಿನ ದಿನ ರೈತ ಗೆಳೆಯನಿಗೆ, "ನಾಳೆ ಗಂಜಿನ್ಯಾಗ ಅವನ್ನ ಕೆಣಕ್ತೀನಿ, ಕೈ ಎತ್ತಲಿ, ಆಮ್ಯಾಲ ನೋಡ್ಕೋತೀನಿ" ಎಂದಿದ್ದ. ಹಾಗೆಯೇ ಕೆಣಕಿದ, ನೆರೆಹೊಲದವನು ಕೈ ಎತ್ತಿದ. ಹಸಿರು ನಾಲ್ಕಕ್ಕೂ "ಹೌದು" ಬಂದರೂ ಪರಂತುಕ (ಎ) ಕೆಂಪು. ದೃಷ್ಟಾಂತವಿಲ್ಲದ ಪಟ್ಟಿಗೆ ಇದೇ ನಮ್ಮ ಕಥೆ. ಆಗ ಯಾದಗಿರಿಯ ಹುಡುಗ ಕೇಳಿದ: "ಹಂಗಾದ್ರ ನಾಲ್ಕನೇದಕ್ಕ ಹೋಗಬಹುದಲ್ರಿ ಸರ್? ಅಲ್ಲಿ ಮೊದಲ ಯಾರು ಕೆಣಕಿದ್ರು ಅನ್ನೋದು ಲೆಕ್ಕಕ್ಕಿಲ್ಲಲ್ರಿ." ಒಳ್ಳೆಯ ಪ್ರಶ್ನೆ, ಬಾಗಿಲು ತಟ್ಟಲೇಬೇಕು. ಆದರೆ ಹಿಂದಿನ ದಿನದ ಮಾತು ಪೂರ್ವಯೋಜನೆ ತೋರಿಸುತ್ತದೆ, ನಾಲ್ಕನೇ ಅಪವಾದ ತನ್ನ ಮೊದಲ ಷರತ್ತಿನಲ್ಲೇ ಮುಚ್ಚುತ್ತದೆ. ಆ ಮಾತು ತೆಗೆದುಹಾಕಿ, ಬರೀ ಬಾಯಿ ತಪ್ಪಿ ಶುರುವಾಗಿ ಇಬ್ಬರೂ ಕೈ ಕೈ ಮಿಲಾಯಿಸಿದ ಜಗಳವಾಗಿದ್ದರೆ ಅದರ ಉಳಿದ ಷರತ್ತುಗಳನ್ನು ನೋಡಲು ದಾರಿ ತೆರೆಯುತ್ತಿತ್ತು.

ಕೊನೆಯ ಬದಲಾವಣೆ ನನಗೆ ಬಹಳ ಹಿಡಿಸಿತು. ನೆರೆಹೊಲದವನ ಜಾಗದಲ್ಲಿ ಡಿಕ್ರಿ ಜಾರಿಗೆ ಬಂದ ಕೋರ್ಟಿನ ಬೇಲಿಫ್. ವಾರಂಟು ಹಿಡಿದು ಬಂದಿದ್ದರೆ ಪರಂತುಕ (ಬಿ) ಕೆಂಪು, ಅನುಮಾನವಿಲ್ಲ. ವಾರಂಟೇ ಇಲ್ಲದೆ ಬಂದಿದ್ದರೆ? ಒಬ್ಬಳು 37ನೇ ಕಲಂ ತೆರೆದಳು. ಹುದ್ದೆಯ ಬಲದಿಂದ ಸದ್ಭಾವನೆಯಲ್ಲಿ ಮಾಡಿದ್ದು ಕಾನೂನಿನ ಪ್ರಕಾರ ಕಟ್ಟುನಿಟ್ಟಾಗಿ ಸಮರ್ಥನೀಯವಲ್ಲದಿದ್ದರೂ, ಸಾವಿನ ಅಥವಾ ಘೋರ ಗಾಯದ ಭಯ ಹುಟ್ಟಿಸದ ನೌಕರನ ಕೃತ್ಯದ ವಿರುದ್ಧ ಸ್ವರಕ್ಷಣೆ ಹಕ್ಕಿಲ್ಲ ಎಂದು ಅಲ್ಲಿದೆ. ಆ ಸಡಿಲಿಕೆಯನ್ನು ಇಲ್ಲಿಗೂ ತರಬಹುದೇ ಎಂದು ಅವಳ ಪ್ರಶ್ನೆ. ಎರಡೂ ಪಟ್ಟಿ ಅಕ್ಕಪಕ್ಕ ಚುಚ್ಚಿ ಓದಿದೆವು. ಪರಂತುಕ (ಬಿ)ಯಲ್ಲಿ "ಕಾನೂನುಬದ್ಧ ಚಲಾವಣೆ" ಎಂದಿದೆ, ಸಮರ್ಥನೀಯವಲ್ಲದಿದ್ದರೂ ಎಂಬ ಮಾತಿಲ್ಲ. 37 ಸ್ವರಕ್ಷಣೆ ಹಕ್ಕಿನ ಎಲ್ಲೆ ಹೇಳುತ್ತದೆ, ಪ್ರಚೋದನೆಯ ಬಗ್ಗೆ ಹೇಳುವುದಿಲ್ಲ. ಅಲ್ಲಿನ ಮಾತನ್ನು ಇಲ್ಲಿ ತುರುಕಿದರೆ ಕಾನೂನಿನಲ್ಲಿಲ್ಲದ ಒಂದು ಅಡ್ಡಿಯನ್ನು ಆರೋಪಿಯ ಮೇಲೆ ಹೇರಿದಂತೆ.

ಹಲಗೆಯ ಹೊರಗಿನ ಎರಡು ಚೀಟಿ

101ನ್ನು ಎಷ್ಟು ಕತ್ತರಿಸಿದರೂ ಅದರೊಳಗೆ ಸಿಗದ ಅಪವಾದಗಳಿವೆ. 3ನೇ ಕಲಮಿನ ಮೊದಲ ಉಪಕಲಂ ಹೇಳುವಂತೆ ಸಂಹಿತೆಯ ಪ್ರತಿ ವ್ಯಾಖ್ಯೆ, ಪ್ರತಿ ದಂಡನೆಯ ಉಪಬಂಧ, ಅವುಗಳ ಪ್ರತಿ ದೃಷ್ಟಾಂತವೂ ಸಾಮಾನ್ಯ ಅಪವಾದಗಳ ಅಧ್ಯಾಯಕ್ಕೆ ಒಳಪಟ್ಟಿದೆ, ಅಲ್ಲಲ್ಲಿ ಮತ್ತೆ ಹೇಳದಿದ್ದರೂ. ಆ ಅಧ್ಯಾಯ 14ರಿಂದ 44ರವರೆಗೆ. ಹಾಗಾಗಿ "ಗುಂಡು ಹಾರಿಸಿ ಕೊಂದ, ಇದು ಕೊಲೆ" ಎಂಬ ಸರಳ ದೃಷ್ಟಾಂತವನ್ನೂ ಏಳು ವರ್ಷದೊಳಗಿನ ಮಗು, ಬುದ್ಧಿವಿಕಲ, ಸ್ವರಕ್ಷಣೆ ಇವೆಲ್ಲವನ್ನು ಬದಿಗಿಟ್ಟೇ ಓದಬೇಕು. ಇವು ಗೆದ್ದರೆ ಫಲವೂ ಬೇರೆ: ಅಪರಾಧವೇ ಇಲ್ಲ, 105ಕ್ಕೆ ಇಳಿಯುವ ಮಾತೂ ಇಲ್ಲ. ಈ ಚೀಟಿಯನ್ನು ಹಲಗೆಯ ಚೌಕಟ್ಟಿನ ಹೊರಗೆ, ನೆತ್ತಿಯ ಮೇಲೆ ಕಟ್ಟಿದೆವು.

ಎರಡನೆಯ ಚೀಟಿ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಂ. ಸಾಮಾನ್ಯ ಅಪವಾದವಾಗಲಿ, ವಿಶೇಷ ಅಪವಾದವಾಗಲಿ, ಪರಂತುಕವಾಗಲಿ, ತನ್ನ ಪ್ರಕರಣ ಅದರೊಳಗೆ ಬರುತ್ತದೆ ಎಂದು ರುಜುವಾತು ಮಾಡುವ ಹೊಣೆ ಆರೋಪಿಯದು. ಅಂಥ ಸಂದರ್ಭ ಇರಲಿಲ್ಲ ಎಂದೇ ನ್ಯಾಯಾಲಯ ಭಾವಿಸುತ್ತದೆ. ಅದರ ದೃಷ್ಟಾಂತಗಳಲ್ಲಿ ಒಂದು ನಮ್ಮ ಒಂದನೇ ಅಪವಾದದ್ದೇ. ಹಸಿರು ಪ್ರಶ್ನೆಗಳಿಗೆ "ಹೌದು" ತರುವವರು ಯಾರು ಎಂಬುದಕ್ಕೆ ಉತ್ತರ ಅಲ್ಲಿದೆ.

ಮುಂದಿನ ಹಲಗೆಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿರುವ ಚೆಕ್ ಬೌನ್ಸಿನ 138ನೇ ಕಲಂ ಮುದ್ರಿಸಿಟ್ಟಿದ್ದೇವೆ. ಅದರಲ್ಲಿ ದೃಷ್ಟಾಂತವಿಲ್ಲ, ಪರಂತುಕದ ಸ್ವಭಾವವೂ ಬೇರೆ. ಈ ಷರತ್ತುಗಳು ಈಡೇರದ ಹೊರತು ಈ ಕಲಂ ಅನ್ವಯಿಸುವುದೇ ಇಲ್ಲ ಎಂದು ಅದು ಹೇಳುತ್ತದೆ: ಚೆಕ್ಕನ್ನು ಅವಧಿಯೊಳಗೆ ಬ್ಯಾಂಕಿಗೆ ಹಾಕಿರಬೇಕು, ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು ಕೊಟ್ಟಿರಬೇಕು, ನೋಟಿಸು ತಲುಪಿದ 15 ದಿನದೊಳಗೆ ಹಣ ಬಂದಿರಬಾರದು. ಇಲ್ಲಿ ಪರಂತುಕದ ಪಟ್ಟಿಗಳಿಗೆ ಹಸಿರು ಶಾಯಿ ಬೀಳುತ್ತದೆ, ಎಲ್ಲಕ್ಕೂ "ಹೌದು" ಬೇಕು, ತೋರಿಸಬೇಕಾದವನೂ ದೂರುದಾರ.